ಎರಡು ಪಕ್ಕ, ಒಂದು ಪ್ರೋಟಾನ್

ಎರಡು ಫ್ಲಾಸ್ಕ್‌ಗಳು. ಎರಡರಲ್ಲೂ 2-ಮೀಥೈಲ್ ಸೈಕ್ಲೊಹೆಕ್ಸನೋನ್ ಎಂಬ ಒಂದೇ ಕೀಟೋನ್, ಎರಡಕ್ಕೂ ಆಮೇಲೆ ಸೇರುವುದು ಒಂದೇ ಬೆಂಜೈಲ್ ಬ್ರೋಮೈಡ್. ಬೇರೆಯಿರುವುದು ನಡುವೆ ಹಾಕುವ ಪ್ರತ್ಯಾಮ್ಲ, ಹಾಕುವ ಕ್ರಮ ಮತ್ತು ಉಷ್ಣತೆ ಮಾತ್ರ. ಸಂಜೆಯ ಹೊತ್ತಿಗೆ ಮೊದಲ ಫ್ಲಾಸ್ಕ್‌ನಲ್ಲಿ ಬೆಂಜೈಲ್ ಗುಂಪು ಅಣುವಿನ ಒಂದು ಪಕ್ಕಕ್ಕೆ ಅಂಟಿರುತ್ತದೆ, ಎರಡನೆಯದರಲ್ಲಿ ಹೆಚ್ಚಾಗಿ ಇನ್ನೊಂದು ಪಕ್ಕಕ್ಕೆ. ಎಂ.ಎಸ್ಸಿ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಸಾಲಿನ ಉತ್ತರವಿದೆ: ಎಲ್‌ಡಿಎ ಹಾಕಿದರೆ ಕೈನೆಟಿಕ್, ದುರ್ಬಲ ಪ್ರತ್ಯಾಮ್ಲ ಹಾಕಿದರೆ ಥರ್ಮೊಡೈನಮಿಕ್. ಅಂಕ ಬರುತ್ತದೆ, ಆದರೆ ಆ ಎರಡು ಸಾಲನ್ನು ನಂಬಿ ಪ್ರಯೋಗಕ್ಕೆ ಕೂತವರಿಗೆ ಮಿಶ್ರಣವೇ ಗತಿ. ಎಲ್‌ಡಿಎ ಬಲಶಾಲಿ ಎನ್ನುವುದಷ್ಟೇ ಇಲ್ಲಿ ಕಾರಣವಲ್ಲ. ಕಳಚಿದ ಪ್ರೋಟಾನ್ ಮತ್ತೆ ಅಣುವಿಗೆ ಮರಳಬಲ್ಲದೇ, ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಅಣುವನ್ನು ನೋಡೋಣ. ಆರು ಇಂಗಾಲಗಳ ಒಂದು ಉಂಗುರ. ಅದರಲ್ಲಿ ಒಂದು ಇಂಗಾಲಕ್ಕೆ ಆಮ್ಲಜನಕ ಜೋಡಿಬಂಧದಿಂದ ಕೂತಿದೆ. ಅದನ್ನು ಒಂದನೆಯದು ಎನ್ನೋಣ. ಅದರ ಒಂದು ಪಕ್ಕದ ಇಂಗಾಲ ಎರಡನೆಯದು, ಇನ್ನೊಂದು ಪಕ್ಕದ್ದು ಆರನೆಯದು. ಎರಡನೆಯದಕ್ಕೆ ಒಂದು ಮೀಥೈಲ್ ಗುಂಪು ಅಂಟಿರುವುದರಿಂದ ಅದರ ಮೇಲೆ ಉಳಿದಿರುವುದು ಒಂದೇ ಹೈಡ್ರೋಜನ್. ಆರನೆಯದರ ಮೇಲೆ ಎರಡು ಹೈಡ್ರೋಜನ್‌ಗಳಿವೆ, ಸುತ್ತ ಜಾಗವೂ ಖಾಲಿ.

ಇಂಗಾಲಕ್ಕೆ ಅಂಟಿದ ಹೈಡ್ರೋಜನ್ ಸಾಮಾನ್ಯವಾಗಿ ಯಾರ ಮಾತಿಗೂ ಜಗ್ಗುವುದಿಲ್ಲ. ಕಾರ್ಬೊನಿಲ್‌ನ ಪಕ್ಕದಲ್ಲಿರುವುದು ಮಾತ್ರ ಸ್ವಲ್ಪ ಸಡಿಲ. ಅದನ್ನು ಪ್ರೋಟಾನ್ ಆಗಿ ಕಿತ್ತರೆ ಉಳಿಯುವ ಋಣ ವಿದ್ಯುದಂಶ ಇಂಗಾಲದ ಮೇಲೇ ನಿಲ್ಲದೆ ಆಮ್ಲಜನಕದವರೆಗೂ ಹರಡಿಕೊಳ್ಳುತ್ತದೆ, ಎರಡು ಇಂಗಾಲಗಳ ನಡುವೆ ಜೋಡಿಬಂಧ ಮೂಡುತ್ತದೆ. ಹೀಗಾದ ಅಯಾನಿಗೆ ಈನೋಲೇಟ್ ಎಂದು ಹೆಸರು. ವಿದ್ಯುದಂಶದ ಹೆಚ್ಚು ಪಾಲು ಆಮ್ಲಜನಕದ ಮೇಲಿದ್ದರೂ ಬೆಂಜೈಲ್ ಬ್ರೋಮೈಡಿನಂಥದ್ದು ಸಿಕ್ಕರೆ ಇಂಗಾಲದ ತುದಿಯೇ ಅದನ್ನು ಹಿಡಿದುಕೊಳ್ಳುತ್ತದೆ. ಹೊಸ ಇಂಗಾಲ–ಇಂಗಾಲ ಬಂಧ ಕಟ್ಟಲು ಔಷಧ ರಸಾಯನಜ್ಞರು ಇಂದಿಗೂ ಹೆಚ್ಚಾಗಿ ನೆಚ್ಚುವ ದಾರಿಗಳಲ್ಲಿ ಇದೂ ಒಂದು.

ನಮ್ಮ ಅಣುವಿನಲ್ಲಿ ಎರಡು ಈನೋಲೇಟ್‌ಗಳು ಸಾಧ್ಯ. ಆರನೆಯ ಇಂಗಾಲದಿಂದ ಪ್ರೋಟಾನ್ ಹೋದರೆ ಜೋಡಿಬಂಧ ಮೀಥೈಲ್ ಇಲ್ಲದ ಪಕ್ಕಕ್ಕೆ ಬರುತ್ತದೆ. ಎರಡನೆಯದರಿಂದ ಹೋದರೆ ಮೀಥೈಲ್ ಇರುವ ಪಕ್ಕಕ್ಕೆ. ಈ ಎರಡನೆಯದರಲ್ಲಿ ಜೋಡಿಬಂಧದ ನಾಲ್ಕೂ ಮೂಲೆಗಳು ತುಂಬಿವೆ. ಮೂಲೆಗಳಲ್ಲಿ ಇಂಗಾಲದ ಗುಂಪುಗಳು ಹೆಚ್ಚಿದಷ್ಟೂ ಜೋಡಿಬಂಧ ಸ್ಥಿರವಾಗುತ್ತದೆ ಎಂಬುದು ಹಳೆಯ ಅನುಭವ. ಹಾಗಾಗಿ ಮೀಥೈಲ್ ಪಕ್ಕದ ಈನೋಲೇಟ್ ಹೆಚ್ಚು ನೆಮ್ಮದಿಯದು. ಆದರೆ ಅಲ್ಲಿಗೆ ತಲುಪುವ ದಾರಿ ಇಕ್ಕಟ್ಟು: ಇರುವುದು ಒಂದೇ ಹೈಡ್ರೋಜನ್, ಮೀಥೈಲ್ ಅದಕ್ಕೆ ಅಡ್ಡ ನಿಂತಿದೆ.

ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ಆಗ ತುಂಬುವುದು ಕೈಗೆಟಕುವ ಸೀಟು, ಒಳ್ಳೆಯ ಸೀಟೇ ಆಗಿರಬೇಕೆಂದಿಲ್ಲ. ರಾತ್ರಿ ಪ್ರಯಾಣದಲ್ಲಿ ಎದ್ದು ಕೂತು ಜಾಗ ಬದಲಿಸಲು ಅವಕಾಶವಿದ್ದರೆ ಬೆಳಗಿನ ಹೊತ್ತಿಗೆ ಹೆಚ್ಚಿನವರು ಸುಖದ ಸೀಟುಗಳಲ್ಲಿರುತ್ತಾರೆ. ಮೊದಲು ಸಿಕ್ಕಿದ್ದಕ್ಕೆ ಕಟ್ಟುಬಿದ್ದರೆ ಅದು ಕೈನೆಟಿಕ್ ನಿಯಂತ್ರಣ. ಎದ್ದು ಬದಲಿಸಿ ನೆಲೆ ಕಂಡರೆ ಥರ್ಮೊಡೈನಮಿಕ್ ನಿಯಂತ್ರಣ. ಎದ್ದೇಳಲು ಬಿಡಬೇಕೋ ಬೇಡವೋ ಎಂಬುದು ರಸಾಯನಜ್ಞರ ಕೈಯಲ್ಲಿದೆ.

ಸೋಡಿಯಂ ಈಥಾಕ್ಸೈಡ್‌ನಂಥ ಪ್ರತ್ಯಾಮ್ಲದಲ್ಲಿ ಬಿಡದೆ ಬೇರೆ ದಾರಿಯೇ ಇಲ್ಲ. ಆಮ್ಲತೆಯನ್ನು ಅಳೆಯುವ ಪಿಕೆಎ ಮಾಪನದಲ್ಲಿ ಈಥೈಲ್ ಆಲ್ಕೊಹಾಲ್ ಸುಮಾರು 16, ಇಂಥ ಕೀಟೋನ್ ಸುಮಾರು 19ರಿಂದ 20. ಒಂದೊಂದು ಅಂಕವೂ ಹತ್ತು ಪಟ್ಟಿನ ವ್ಯತ್ಯಾಸ. ಅಂದರೆ ಕೀಟೋನ್‌ಗಿಂತ ಆಲ್ಕೊಹಾಲೇ ಪ್ರೋಟಾನ್ ಕೊಡಲು ಸಾವಿರಾರು ಪಟ್ಟು ಸುಲಭವಾಗಿ ಒಪ್ಪುತ್ತದೆ. ಈಥಾಕ್ಸೈಡ್ ಕೀಟೋನಿನಿಂದ ಒಂದು ಪ್ರೋಟಾನ್ ಕಿತ್ತ ಮರುಕ್ಷಣ ಹತ್ತಿರದ ಆಲ್ಕೊಹಾಲ್ ಅದನ್ನು ಹಿಂದಕ್ಕೆ ಕೊಡುತ್ತದೆ. ಯಾವ ಗಳಿಗೆಯಲ್ಲಿ ನೋಡಿದರೂ ಸಾವಿರಾರು ಅಣುಗಳಲ್ಲಿ ಒಂದಷ್ಟೇ ಈನೋಲೇಟ್ ಆಗಿರುತ್ತದೆ. ಕಿತ್ತು, ಕೊಟ್ಟು, ಮತ್ತೆ ಕಿತ್ತು ಎರಡೂ ಪಕ್ಕಗಳು ಪರೀಕ್ಷೆಯಾಗುತ್ತಾ ಹೋಗುತ್ತವೆ. ಕೊನೆಗೆ ಎರಡು ಈನೋಲೇಟ್‌ಗಳ ಪ್ರಮಾಣವನ್ನು ಅವುಗಳ ಸ್ಥಿರತೆಯೇ ತೀರ್ಮಾನಿಸುತ್ತದೆ.

ಎಲ್‌ಡಿಎ, ಅಂದರೆ ಲಿಥಿಯಂ ಡೈಐಸೊಪ್ರೊಪೈಲ್ ಅಮೈಡ್, ಬೇರೆ ಜಾತಿ. 1950ರಲ್ಲಿ ಹ್ಯಾಮೆಲ್ ಮತ್ತು ಲೆವಿನ್ ಎಂಬ ಅಮೆರಿಕದ ರಸಾಯನಜ್ಞರು ಎಸ್ಟರ್‌ಗಳ ಕೆಲಸಕ್ಕೆಂದು ಅದನ್ನು ಬಳಸಿದ್ದರು. ಅದರ ಜೊತೆಗಾರ ಡೈಐಸೊಪ್ರೊಪೈಲ್ ಅಮೀನ್‌ನ ಪಿಕೆಎ ಸುಮಾರು 36. ಕೀಟೋನಿನಿಂದ ಕಿತ್ತ ಪ್ರೋಟಾನ್ ಒಮ್ಮೆ ಈ ಅಮೀನ್‌ಗೆ ಸೇರಿತೆಂದರೆ ಅಮೀನ್ ಅದನ್ನು ಲೆಕ್ಕಕ್ಕೆ ಬರುವಷ್ಟು ಹಿಂದಿರುಗಿಸುವುದಿಲ್ಲ. ಬ್ಯುಟೈಲ್ ಲಿಥಿಯಂ ಇದಕ್ಕಿಂತಲೂ ಬಲಶಾಲಿ, ಆದರೂ ಇಲ್ಲಿ ಕೆಲಸಕ್ಕೆ ಬಾರದು; ಅದು ಪ್ರೋಟಾನ್ ಕೀಳುವ ಬದಲು ಕಾರ್ಬೊನಿಲ್ ಇಂಗಾಲಕ್ಕೇ ಹೋಗಿ ಅಂಟಿಕೊಳ್ಳುತ್ತದೆ. ಎಲ್‌ಡಿಎಯಲ್ಲಿ ಸಾರಜನಕದ ಎರಡೂ ಕಡೆ ಕವಲೊಡೆದ ಐಸೊಪ್ರೊಪೈಲ್ ಗುಂಪುಗಳು ದಪ್ಪವಾಗಿ ಕೂತಿರುವುದರಿಂದ ಅದಕ್ಕೆ ಇಂಗಾಲದ ಹತ್ತಿರ ನುಸುಳಲು ಜಾಗವಿಲ್ಲ. ಹೊರಮೈಯಲ್ಲಿ ಸಿಗುವ ಹೈಡ್ರೋಜನನ್ನು ಮಾತ್ರ ಅದು ಕೀಳಬಲ್ಲದು, ಅದರಲ್ಲೂ ಸುಲಭಕ್ಕೆ ಸಿಗುವುದನ್ನು. ಅಂದರೆ ಆರನೆಯ ಇಂಗಾಲದ್ದನ್ನು.

ಇನ್ನು ಫ್ಲಾಸ್ಕ್‌ನ ಹತ್ತಿರ ಹೋಗೋಣ. ಕೀಟೋನ್ 10 ಮಿಲಿಮೋಲ್, ಅಂದರೆ 1.12 ಗ್ರಾಂ ಎಂದಿಟ್ಟುಕೊಳ್ಳಿ. ಒಣಗಿಸಿದ ಫ್ಲಾಸ್ಕ್‌ಗೆ ಸಾರಜನಕ ಅಥವಾ ಆರ್ಗಾನ್ ಹರಿಸಿ, ಸುಮಾರು 30 ಮಿಲಿಲೀಟರ್ ಒಣ ಟಿಎಚ್‌ಎಫ್ ದ್ರಾವಕ ಮತ್ತು 1.6 ಮಿಲಿಲೀಟರ್ ಡೈಐಸೊಪ್ರೊಪೈಲ್ ಅಮೀನ್ ಹಾಕುತ್ತಾರೆ. ಐಸ್ ನೀರಿನಲ್ಲಿಟ್ಟು 2.5 ಮೋಲಾರ್ ಬ್ಯುಟೈಲ್ ಲಿಥಿಯಂ 4.4 ಮಿಲಿಲೀಟರನ್ನು ಸಿರಿಂಜಿನಿಂದ ಹನಿಹನಿಯಾಗಿ ಬಿಟ್ಟರೆ ಕಾಲು ಗಂಟೆಯಲ್ಲಿ 11 ಮಿಲಿಮೋಲ್ ಎಲ್‌ಡಿಎ ಸಿದ್ಧ. ಆಮೇಲೆ ಡ್ರೈ ಐಸ್ ಮತ್ತು ಅಸಿಟೋನ್ ಬೋಗುಣಿಗೆ ಫ್ಲಾಸ್ಕನ್ನು ಇಳಿಸಿ ಮೈನಸ್ 78 ಡಿಗ್ರಿಗೆ ತರುತ್ತಾರೆ. ಕೀಟೋನನ್ನು ಬೇರೆ ಪಾತ್ರೆಯಲ್ಲಿ ಟಿಎಚ್‌ಎಫ್‌ನಲ್ಲಿ ಕರಗಿಸಿ ಇಪ್ಪತ್ತು ನಿಮಿಷ ತೆಗೆದುಕೊಂಡು ಹನಿ ಹನಿ ಬಿಡಬೇಕು. ಫ್ಲಾಸ್ಕ್‌ನ ಗೋಡೆಯ ಮೇಲೆ ಇಳಿದು ತಣಿದು ಬಂದರೆ ಇನ್ನೂ ಒಳ್ಳೆಯದು.

ಎಲ್‌ಡಿಎ ಇರುವಲ್ಲಿಗೆ ಕೀಟೋನ್ ಬರಬೇಕು, ಕೀಟೋನ್ ಇರುವಲ್ಲಿಗೆ ಎಲ್‌ಡಿಎ ಅಲ್ಲ. ಈ ಕ್ರಮ ತಿರುವುಮುರುವಾದರೆ ಪ್ರಯೋಗ ಕೆಡುತ್ತದೆ. ಕಾರಣ ಇಷ್ಟೇ: ಪ್ರೋಟಾನನ್ನು ಹಿಂದಕ್ಕೆ ಕೊಡಬಲ್ಲ ವಸ್ತು ಅಮೀನ್ ಅಲ್ಲ, ಉಳಿದ ಕೀಟೋನೇ. ಈಗಾಗಲೇ ರೂಪುಗೊಂಡ ಒಂದು ಈನೋಲೇಟ್, ಇನ್ನೂ ಪ್ರೋಟಾನ್ ಕಳೆದುಕೊಳ್ಳದ ಒಂದು ಕೀಟೋನ್ ಅಣುವನ್ನು ಎದುರುಗೊಂಡರೆ, ಅದರಿಂದ ಪ್ರೋಟಾನ್ ಪಡೆದು ತಾನು ಕೀಟೋನ್ ಆಗಬಹುದು. ಎದುರಿನದು ಈಗ ಈನೋಲೇಟ್ ಆಯಿತು, ಅದೂ ಯಾವ ಪಕ್ಕದಿಂದಾದರೂ. ಇದರಲ್ಲಿ ಒಟ್ಟು ಲೆಕ್ಕ ಬದಲಾಗುವುದಿಲ್ಲ, ಹಾಗಾಗಿ ಕೀಟೋನ್ ಖರ್ಚಾಗದೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿರುತ್ತದೆ. ನೂರಕ್ಕೆ ಐದು ಪಾಲು ಕೀಟೋನ್ ಉಳಿದರೂ ಉಷ್ಣತೆ ಏರಿದ ಮೇಲೆ ಇಡೀ ಫ್ಲಾಸ್ಕ್‌ನ ಈನೋಲೇಟ್‌ಗಳು ಸ್ಥಿರವಾದ ಪಕ್ಕಕ್ಕೆ ಸರಿಯಲು ಅಷ್ಟು ಸಾಕು. ಎಲ್‌ಡಿಎಯನ್ನು 10ರ ಬದಲು 11 ಮಿಲಿಮೋಲ್ ಇಡುವುದು ಇದಕ್ಕೇ. ಅದೇ ಎಲ್‌ಡಿಎಯನ್ನು 9.5 ಮಿಲಿಮೋಲ್ ಹಾಕಿ ಕೋಣೆಯ ಉಷ್ಣತೆಯಲ್ಲಿ ಬಿಟ್ಟರೆ ಥರ್ಮೊಡೈನಮಿಕ್ ಮಿಶ್ರಣವೇ ಸಿಗುತ್ತದೆ. ಬಲವಾದ ಪ್ರತ್ಯಾಮ್ಲದಿಂದ ಕೈನೆಟಿಕ್, ದುರ್ಬಲದಿಂದ ಥರ್ಮೊಡೈನಮಿಕ್ ಎಂಬ ಪರೀಕ್ಷೆಯ ಸಾಲು ಇಲ್ಲಿ ಕುಂಟುತ್ತದೆ.

ಅರ್ಧ ಮಿಲಿಮೋಲ್ ಕಡಿಮೆಯಾಗುವುದು ಯಾರೂ ಬೇಕೆಂದು ಮಾಡುವುದಲ್ಲ, ತಾನಾಗಿ ಆಗುವುದು. ಬ್ಯುಟೈಲ್ ಲಿಥಿಯಂ ಬಾಟಲಿಯ ಮೇಲೆ 2.5 ಮೋಲಾರ್ ಎಂದು ಬರೆದಿರುತ್ತದೆ. ಮುಚ್ಚಳದ ರಬ್ಬರಿಗೆ ಹತ್ತಾರು ಸಲ ಸೂಜಿ ಚುಚ್ಚಿದ ಮೇಲೆ ಒಳಗೆ ಅಷ್ಟು ಉಳಿದಿರುವುದಿಲ್ಲ. ಟಿಎಚ್‌ಎಫ್‌ನಲ್ಲಿ ನೀರಿನ ಅಂಶವಿದ್ದರೆ ಅದೂ ತನ್ನ ಪಾಲು ನುಂಗುತ್ತದೆ. ಅದಕ್ಕೇ ಗಂಭೀರವಾಗಿ ಕೆಲಸ ಮಾಡುವ ಪ್ರಯೋಗಾಲಯಗಳಲ್ಲಿ ಬಾಟಲಿಯ ಚೀಟಿಯನ್ನು ನಂಬದೆ ಬ್ಯುಟೈಲ್ ಲಿಥಿಯಂ ಅನ್ನು ಟೈಟ್ರೇಟ್ ಮಾಡುತ್ತಾರೆ. ತೂಗಿದ ಡೈಫಿನೈಲ್ ಅಸಿಟಿಕ್ ಆಮ್ಲವನ್ನು ಟಿಎಚ್‌ಎಫ್‌ನಲ್ಲಿ ಕರಗಿಸಿ ಬ್ಯುಟೈಲ್ ಲಿಥಿಯಂ ಹನಿಸುತ್ತಾ ಹೋದರೆ, ಆಮ್ಲದ ಮೊದಲ ಪ್ರೋಟಾನ್ ಮುಗಿಯುವವರೆಗೆ ಬಣ್ಣವಿಲ್ಲ. ಮುಗಿದ ಮುಂದಿನ ಹನಿಗೆ ಹಳದಿ ನಿಲ್ಲುತ್ತದೆ. ಎಷ್ಟು ಹಿಡಿಯಿತೆಂದು ನೋಡಿ ಭಾಗಿಸಿದರೆ ನಿಜವಾದ ಪ್ರಬಲತೆ ಗೊತ್ತಾಗುತ್ತದೆ. ಟಿಎಚ್‌ಎಫ್ ಒಣಗಿದ್ದಕ್ಕೂ ಅಂಥದೇ ಗುರುತು ಇದೆ: ಸೋಡಿಯಂ ಮತ್ತು ಬೆಂಜೊಫಿನೋನ್ ಹಾಕಿ ಕುದಿಸಿದರೆ ನೀರು ಇರುವವರೆಗೆ ಬಣ್ಣ ಕೂರುವುದಿಲ್ಲ, ನೀರು ಹೋದ ಮೇಲೆ ಗಾಢ ನೀಲಿ. ಬೆಂಗಳೂರಿನ ಔಷಧ ಸಂಶೋಧನಾ ಕಂಪನಿಗಳಲ್ಲಿ ಈಗ ಒಣಗಿಸಿದ ದ್ರಾವಕ ಬಾಟಲಿಯಲ್ಲೇ ಬರುವುದರಿಂದ ಆ ನೀಲಿಯನ್ನು ಕಾಣದ ರಸಾಯನಜ್ಞರೂ ಇದ್ದಾರೆ.

ಎಷ್ಟು ಪಾಲು ಯಾವ ಈನೋಲೇಟ್ ಆಯಿತೆಂದು ತಿಳಿಯುವುದು ಹೇಗೆ? ಈನೋಲೇಟನ್ನು ಬಾಟಲಿಯಲ್ಲಿಟ್ಟು ಅಳೆಯಲಾಗದು, ಗಾಳಿಯ ತೇವ ತಾಕಿದರೆ ಕೀಟೋನ್ ಆಗಿಬಿಡುತ್ತದೆ. 1969ರಲ್ಲಿ ಹರ್ಬರ್ಟ್ ಹೌಸ್ ಮತ್ತು ಸಂಗಡಿಗರು ಬಳಸಿದ ಉಪಾಯ ಇಂದಿಗೂ ನಡೆಯುತ್ತದೆ. ಟ್ರೈಮೀಥೈಲ್ ಸಿಲೈಲ್ ಕ್ಲೋರೈಡ್ ಹಾಕಿದರೆ ಅದು ಈನೋಲೇಟಿನ ಆಮ್ಲಜನಕವನ್ನು ಬೇಗ ಹಿಡಿದು ಸಿಲೈಲ್ ಈನೋಲ್ ಈಥರ್ ಆಗುತ್ತದೆ. ಅಲ್ಲಿಗೆ ಅದಲುಬದಲು ನಿಂತಿತು. ಆ ಈಥರ್‌ಗಳು ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಲ್ಲಿ ಬೇರೆಬೇರೆಯಾಗಿ ಹೊರಬರುತ್ತವೆ. ಎನ್‌ಎಂಆರ್‌ನಲ್ಲಂತೂ ಗುರುತು ಸ್ಪಷ್ಟ: ಮೀಥೈಲ್ ಇಲ್ಲದ ಪಕ್ಕದ ಜೋಡಿಬಂಧದ ಮೇಲೆ ಒಂದು ಹೈಡ್ರೋಜನ್ ಇರುವುದರಿಂದ 4.8 ಪಿಪಿಎಂ ಆಸುಪಾಸಿನಲ್ಲಿ ಸಂಕೇತ ಕಾಣುತ್ತದೆ. ನಾಲ್ಕೂ ಮೂಲೆ ತುಂಬಿದ ಇನ್ನೊಂದರಲ್ಲಿ ಅಲ್ಲಿ ಏನೂ ಇರುವುದಿಲ್ಲ.

ನಮ್ಮ ಕೀಟೋನ್‌ಗೆ ಹೌಸ್ ಗುಂಪಿಗೆ ಸಿಕ್ಕ ಅಂಕಿ ಹೀಗಿದೆ. ಎಲ್‌ಡಿಎಯಿಂದ ಮೀಥೈಲ್ ಇಲ್ಲದ ಪಕ್ಕದ್ದು 99, ಇನ್ನೊಂದು 1. ಟ್ರೈಈಥೈಲ್ ಅಮೀನ್ ಎಂಬ ತೀರ ದುರ್ಬಲ ಪ್ರತ್ಯಾಮ್ಲವನ್ನು ಸಿಲೈಲ್ ಕ್ಲೋರೈಡ್ ಜೊತೆಗೆ ಡಿಎಂಎಫ್ ದ್ರಾವಕದಲ್ಲಿ ಕುದಿಸಿದಾಗ 22 ಮತ್ತು 78. ಪಕ್ಕ ಬದಲಾದದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ಎರಡನೆಯ ಅಂಕಿ 78ಕ್ಕೇ ನಿಂತದ್ದು ನನಗೆ ಹೆಚ್ಚು ಕುತೂಹಲದ್ದು. ಕೈನೆಟಿಕ್ ದಾರಿ ಅಷ್ಟು ಖಡಾಖಂಡಿತವಾಗಿರುವಾಗ ಥರ್ಮೊಡೈನಮಿಕ್ ದಾರಿ ಯಾಕಿಷ್ಟು ಮೆದು?

ಎರಡು ಈನೋಲೇಟ್‌ಗಳ ಸ್ಥಿರತೆಯ ಅಂತರವೇ ಚಿಕ್ಕದು, ಸುಮಾರು ಒಂದು ಕಿಲೊಕ್ಯಾಲರಿಯಷ್ಟು. ಜೋಡಿಬಂಧದ ಮೇಲಿನ ಮೀಥೈಲ್ ಸ್ಥಿರತೆ ಕೊಡುತ್ತದೆ ನಿಜ, ಆದರೆ ಇಂಗಾಲದ ಮೇಲಿನ ಋಣ ವಿದ್ಯುದಂಶಕ್ಕೆ ಮೀಥೈಲ್ ಜೊತೆ ಹಿತವಿಲ್ಲ. ಲಿಥಿಯಂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುವಾಗ ಅಣು ಸಾಮಾನ್ಯ ಜೋಡಿಬಂಧದಂತೆ ನಡೆದುಕೊಳ್ಳುತ್ತದೆ, ಹೀಗಾಗಿ ಮೀಥೈಲ್ ಪಕ್ಕಕ್ಕೆ ಒಲವು ಹೆಚ್ಚು. ಪೊಟ್ಯಾಸಿಯಂ ಸಡಿಲವಾಗಿ ನಿಲ್ಲುವುದರಿಂದ ಋಣ ವಿದ್ಯುದಂಶದ ಗುಣ ಮೇಲಾಗಿ ಒಲವು ತಗ್ಗುತ್ತದೆ. ಥರ್ಮೊಡೈನಮಿಕ್ ಎಂದರೆ ಒಂದೇ ಅಂಕಿ ಎಂದು ಭಾವಿಸಬಾರದು, ಲೋಹ ಬದಲಾದರೆ ಅದೂ ಬದಲಾಗುತ್ತದೆ.

ಕೈನೆಟಿಕ್ ಕಡೆ 99 ಸಿಗಲು ಚಳಿಯೂ ಕಾರಣ. 99ಕ್ಕೆ 1ರ ಪ್ರಮಾಣವನ್ನು ಮೈನಸ್ 78 ಡಿಗ್ರಿಯಲ್ಲಿ ಶಕ್ತಿಗೆ ಪರಿವರ್ತಿಸಿದರೆ, ಎರಡು ದಾರಿಗಳ ಏರಿನ ನಡುವಿನ ಅಂತರ ಸುಮಾರು 1.8 ಕಿಲೊಕ್ಯಾಲರಿ ಎಂದು ಬರುತ್ತದೆ. ಅಷ್ಟೇ ಅಂತರ ಕೋಣೆಯ ಉಷ್ಣತೆಯಲ್ಲಿದ್ದಿದ್ದರೆ 95ಕ್ಕೆ 5ರಷ್ಟೇ ಆಗುತ್ತಿತ್ತು. ಅಣುಗಳ ಗಡಿಬಿಡಿ ಕಡಿಮೆಯಾದಷ್ಟೂ ಸಣ್ಣ ಏರಿನ ವ್ಯತ್ಯಾಸವೂ ದೊಡ್ಡದಾಗಿ ಎಣಿಕೆಗೆ ಬರುತ್ತದೆ. ಬೋಗುಣಿಯಲ್ಲಿ ಡ್ರೈ ಐಸ್ ಕರಗಿಹೋಗಿದ್ದನ್ನು ಗಮನಿಸದೆ ಹರಟೆ ಹೊಡೆಯುತ್ತಾ ನಿಂತವರಿಗೆ ಈ ಲೆಕ್ಕ ತಟ್ಟುವುದು ಆಮೇಲೆ, ಗ್ರಾಫ್ ನೋಡುವಾಗ.

ಸಿಲೈಲ್ ಹಿಡಿತ ವೇಗದ್ದು, ಹಾಗಾಗಿ 99 ಎಂಬ ಅಂಕಿ ಅಲ್ಲಿ ಉಳಿಯುತ್ತದೆ. ಬೆಂಜೈಲ್ ಬ್ರೋಮೈಡ್ ಹಾಕಿದಾಗ ಪರಿಸ್ಥಿತಿ ಅಷ್ಟು ಸಲೀಸಲ್ಲ. ಅದು ಮೈನಸ್ 78ರಲ್ಲಿ ನಿಧಾನ, ಉಷ್ಣತೆ ಏರಿಸಬೇಕಾಗುತ್ತದೆ. ಅಷ್ಟರಲ್ಲಿ ಮೊದಲು ಹುಟ್ಟಿದ ಉತ್ಪನ್ನವೂ ಒಂದು ಕೀಟೋನ್ ತಾನೇ? ಅದು ಉಳಿದ ಈನೋಲೇಟ್‌ಗಳಿಗೆ ಪ್ರೋಟಾನ್ ಕೊಡಬಲ್ಲದು. ಕೊಟ್ಟರೆ ಎರಡು ಕೇಡು ಒಟ್ಟಿಗೆ ಆಗುತ್ತವೆ. ಉತ್ಪನ್ನವೇ ಈನೋಲೇಟ್ ಆಗಿ ಇನ್ನೊಂದು ಬೆಂಜೈಲ್ ಅಂಟಿಸಿಕೊಳ್ಳುತ್ತದೆ, ಮತ್ತು ಮೂಲ ಕೀಟೋನ್ ಮರುಹುಟ್ಟು ಪಡೆದು ಅದಲುಬದಲು ಶುರುಮಾಡುತ್ತದೆ. ಚುರುಕಾಗಿ ಪ್ರತಿಕ್ರಿಯಿಸುವ ಬೆಂಜೈಲ್, ಅಲೈಲ್ ಮತ್ತು ಮೀಥೈಲ್ ಹ್ಯಾಲೈಡ್‌ಗಳನ್ನೇ ಇಲ್ಲಿ ಆರಿಸುವುದು ಇದಕ್ಕಾಗಿ. ಬ್ಯುಟೈಲ್ ಬ್ರೋಮೈಡ್‌ನಂಥ ಮಂದ ಹ್ಯಾಲೈಡ್ ಹಾಕಿದರೆ ಅಂಟುವ ವೇಗಕ್ಕಿಂತ ಅದಲುಬದಲಾಗುವ ವೇಗ ಹೆಚ್ಚಾಗಿ, ಕಷ್ಟಪಟ್ಟು ಗಳಿಸಿದ ಆಯ್ಕೆ ಕಣ್ಣೆದುರೇ ಕರಗುತ್ತದೆ.

ಹಾಗಾದರೆ ಮೀಥೈಲ್ ಇರುವ ಪಕ್ಕಕ್ಕೇ ಬೆಂಜೈಲ್ ಬೇಕೆಂದವರು ಏನು ಮಾಡಬೇಕು? 78ಕ್ಕೆ 22ರ ಮಿಶ್ರಣದೊಂದಿಗೆ ಮುಂದುವರಿದರೆ ಕೊನೆಯಲ್ಲಿ ಬೇರ್ಪಡಿಸುವ ಕಷ್ಟ ಕಾದಿದೆ. 1968ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗಿಲ್ಬರ್ಟ್ ಸ್ಟಾರ್ಕ್ ಮತ್ತು ಪಾಲ್ ಹಡ್ರ್ಲಿಕ್ ಇದಕ್ಕೆ ಒಂದು ದಾರಿ ತೋರಿಸಿದರು. ಬೇರ್ಪಡಿಸುವ ಕೆಲಸವನ್ನು ಮೊದಲೇ, ಸಿಲೈಲ್ ಈಥರ್ ಹಂತದಲ್ಲೇ ಮುಗಿಸಿಬಿಡುವುದು. ಶುದ್ಧವಾದ ಈಥರ್‌ಗೆ ಮೀಥೈಲ್ ಲಿಥಿಯಂ ಹಾಕಿದರೆ ಸಿಲಿಕಾನ್ ಕಳಚಿ ಟೆಟ್ರಾಮೀಥೈಲ್ ಸಿಲೇನ್ ಆಗಿ ಹೋಗುತ್ತದೆ, ಲಿಥಿಯಂ ಈನೋಲೇಟ್ ಒಂದೇ ಉಳಿಯುತ್ತದೆ. ಫ್ಲಾಸ್ಕ್‌ನಲ್ಲಿ ಕೀಟೋನ್ ಇಲ್ಲ, ಆಲ್ಕೊಹಾಲ್ ಇಲ್ಲ, ಪ್ರೋಟಾನ್ ಕೊಡುವ ಅಮೀನ್ ಕೂಡ ಇಲ್ಲ. ಗಾಲ್ ಮತ್ತು ಹೌಸ್ ಇದೇ ಕೀಟೋನಿನಿಂದ ಎರಡೂ ಬೆಂಜೈಲ್ ಉತ್ಪನ್ನಗಳನ್ನು ಮಾಡುವ ವಿಧಾನವನ್ನು 1972ರಲ್ಲಿ ಪ್ರಕಟಿಸಿದರು. ಒಂದಕ್ಕೆ ಎಲ್‌ಡಿಎ. ಇನ್ನೊಂದಕ್ಕೆ ಕೀಟೋನನ್ನು ಮೊದಲು ಈನೋಲ್ ಅಸಿಟೇಟ್ ಆಗಿ ಮಾಡಿಕೊಂಡು, ಅದರಿಂದ ಮೀಥೈಲ್ ಲಿಥಿಯಂ ಮೂಲಕ ಬೇಕಾದ ಈನೋಲೇಟನ್ನು ಬಿಡಿಸಿಕೊಳ್ಳುವ ಕ್ರಮ.

ಈನೋಲೇಟ್ ಖರ್ಚಾಗುತ್ತಾ ಹೋಗಿ, ಮುಂದಿನ ಹೆಜ್ಜೆಯೇ ಆಯ್ಕೆಯನ್ನು ಬಿಗಿ ಮಾಡುವಂತಿದ್ದರೆ ಇಷ್ಟು ಕಸರತ್ತು ಬೇಡ. ರಾಬರ್ಟ್ ರಾಬಿನ್ಸನ್ 1930ರ ದಶಕದಲ್ಲಿ ರೂಪಿಸಿದ ಉಂಗುರ ಕಟ್ಟುವ ವಿಧಾನ ಅಂಥದ್ದು. ಅಲ್ಲಿ ಬಳಸುವುದು ಈಥಾಕ್ಸೈಡ್‌ನಂಥ ಸಾದಾ ಪ್ರತ್ಯಾಮ್ಲ. ಅದಲುಬದಲು ನಡೆಯಲು ಬಿಟ್ಟು, ಮೀಥೈಲ್ ಇರುವ ಇಂಗಾಲವೇ ಹೊಸ ಬಂಧ ಕಟ್ಟಿಕೊಳ್ಳುವಂತೆ ಮಾಡಿದಾಗ ಎರಡನೆಯ ಉಂಗುರ ಮುಚ್ಚಿಕೊಂಡು, ಎರಡು ಉಂಗುರಗಳು ಕೂಡುವ ಮೂಲೆಯಲ್ಲಿ ಮೀಥೈಲ್ ನಿಲ್ಲುತ್ತದೆ. ಕೊಲೆಸ್ಟರಾಲ್, ಟೆಸ್ಟೊಸ್ಟೆರೋನ್‌ಗಳಲ್ಲಿ ಉಂಗುರಗಳ ಕೂಡುಮೂಲೆಯಲ್ಲಿ ಇಂಥದೇ ಮೀಥೈಲ್‌ಗಳಿವೆ. ಸ್ಟೀರಾಯ್ಡ್‌ಗಳ ಚೌಕಟ್ಟು ಕಟ್ಟುವವರಿಗೆ ಈ ವಿಧಾನ ಅಷ್ಟು ಪ್ರಿಯವಾದದ್ದು ಅದಕ್ಕೇ. ಅಲ್ಲಿ ಎಲ್‌ಡಿಎ ಹಾಕಿದ್ದರೆ ಮೀಥೈಲ್ ಬೇಡದ ಕಡೆ ಉಳಿಯುತ್ತಿತ್ತು.

ಬೆಂಜೈಲ್ ಫ್ಲಾಸ್ಕ್‌ಗಳಿಗೆ ಮರಳಿದರೆ, ಯಾವ ಪಕ್ಕದ್ದು ಸಿಕ್ಕಿತೆಂದು ತೀರ್ಮಾನಿಸಲು ಕೊನೆಗೆ ನೋಡುವುದೂ ಮೀಥೈಲನ್ನೇ. ಆರನೆಯ ಇಂಗಾಲಕ್ಕೆ ಬೆಂಜೈಲ್ ಹೋಗಿದ್ದರೆ ಮೀಥೈಲ್ ಕೂತ ಇಂಗಾಲದ ಮೇಲೆ ಒಂದು ಹೈಡ್ರೋಜನ್ ಇನ್ನೂ ಇದೆ, ಅದರ ಪ್ರಭಾವದಿಂದ ಎನ್‌ಎಂಆರ್‌ನಲ್ಲಿ ಮೀಥೈಲ್ ಸಂಕೇತ ಎರಡಾಗಿ ಸೀಳುತ್ತದೆ. ಬೆಂಜೈಲ್ ಎರಡನೆಯ ಇಂಗಾಲಕ್ಕೇ ಬಂದಿದ್ದರೆ ಸೀಳಲು ಹೈಡ್ರೋಜನ್ ಉಳಿದಿಲ್ಲ, ಒಂದೇ ಚೂಪಾದ ಗೆರೆ. ಎರಡೂ ಬಗೆ ಒಂದೇ ಕಾಗದದಲ್ಲಿ ಕಂಡರೆ, ಆ ದಿನದ ಎಲ್‌ಡಿಎ ಲೆಕ್ಕವನ್ನು ಟಿಪ್ಪಣಿ ಪುಸ್ತಕದಲ್ಲಿ ಮತ್ತೊಮ್ಮೆ ಕೂಡಿ ನೋಡಬೇಕು, ಮತ್ತು ಬ್ಯುಟೈಲ್ ಲಿಥಿಯಂ ಬಾಟಲಿಯನ್ನು ಕೊನೆಯ ಸಲ ಟೈಟ್ರೇಟ್ ಮಾಡಿದ್ದು ಯಾವತ್ತು ಎಂದು ಹುಡುಕಬೇಕು.